ಸಂಬಳ ಹಂಚುವ ಲೆಕ್ಕ: ಬಾಡಿಗೆ, ಊಟ, ಉಳಿತಾಯಕ್ಕೆ ಶೇಕಡಾ ಎಷ್ಟು, ಆದಾಯ ಬದಲಾದರೆ ಏನು ಮಾಡಬೇಕು

ಸಂಬಳವನ್ನು ಶೇಕಡಾ ಲೆಕ್ಕದಲ್ಲಿ ಹಂಚಲು ಹೊರಟವರಲ್ಲಿ ಹೆಚ್ಚಿನವರು ಎರಡು ಮೂರು ತಿಂಗಳಲ್ಲಿ ಅದನ್ನು ಕೈಬಿಡುತ್ತಾರೆ. ಕಾರಣ ಸೋಮಾರಿತನವಲ್ಲ, ಲೆಕ್ಕವೇ ತಪ್ಪಿರುತ್ತದೆ. ಬಾಡಿಗೆಗೆ 30, ಊಟಕ್ಕೆ 25, ಉಳಿತಾಯಕ್ಕೆ 20 ಎಂದು ಕಾಗದದ ಮೇಲೆ ಬರೆಯುವಾಗ ಮೂರೂ ಒಂದೇ ಬಗೆಯ ಖರ್ಚು ಎಂದುಕೊಂಡಿರುತ್ತೇವೆ. ಆದರೆ ಹಾಗಿಲ್ಲ. ಬಾಡಿಗೆ ಕರಾರಿನಲ್ಲಿ ಬರೆದ ಮೊತ್ತ. ನಿಮ್ಮ ಸಂಬಳ ಇಳಿದ ತಿಂಗಳು ಅದೂ ಇಳಿಯುವುದಿಲ್ಲ. ಊಟದ ಖರ್ಚು ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂಬುದನ್ನು ಅನುಸರಿಸುತ್ತದೆ, ಸಂಬಳವನ್ನಲ್ಲ. ಸಂಬಳದ ಜೊತೆ ನಿಜವಾಗಿ ಏರಿಳಿಯಬಲ್ಲದ್ದು ಉಳಿತಾಯ ಒಂದೇ.

ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ಶೇಕಡಾಕ್ಕೆ ಎರಡು ಬೇರೆ ಕೆಲಸಗಳಿವೆ. ಉಳಿತಾಯಕ್ಕೆ ಅದು ಆಜ್ಞೆ: ಇಷ್ಟು ಪಾಲು ಮೊದಲು ತೆಗೆದಿಡು. ಬಾಡಿಗೆ ಮತ್ತು ಊಟಕ್ಕೆ ಅದು ಅಳತೆಗೋಲು ಮಾತ್ರ: ಈ ಮೊತ್ತ ಮಿತಿ ಮೀರುತ್ತಿದೆಯೇ ಎಂದು ನೋಡಲು.

ಉದಾಹರಣೆಗೆ ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿರುವ ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು, ಒಬ್ಬರ ದುಡಿಮೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲಷ್ಟೇ; ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಹಂಚಬೇಕಾದ ಮೊತ್ತ ಯಾವುದು

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಮೊದಲು ಹಾಸಿಗೆಯನ್ನೇ ಅಳೆಯಬೇಕು, ತಪ್ಪು ಶುರುವಾಗುವುದು ಅಲ್ಲೇ. ಕೆಲಸಕ್ಕೆ ಸೇರುವಾಗ ಹೇಳಿದ ವಾರ್ಷಿಕ ಪ್ಯಾಕೇಜನ್ನು 12ರಿಂದ ಭಾಗಿಸಿ ಅದನ್ನೇ ತಿಂಗಳ ಆದಾಯವೆಂದು ಹಿಡಿಯುವವರು ಬಹಳ.

ಪೇ ಸ್ಲಿಪ್ ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ ಮೂಲ ವೇತನ 20,000, ಮನೆ ಬಾಡಿಗೆ ಭತ್ಯೆ 10,000, ಇತರ ಭತ್ಯೆ 12,600, ಒಟ್ಟು 42,600 ರೂಪಾಯಿ. ಇದರಲ್ಲಿ ನೌಕರನ ಪಾಲಿನ ಪಿಎಫ್ ಮೂಲ ವೇತನದ 12%, ಅಂದರೆ 2,400 ಕಡಿತವಾಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200 ಹೋಗುತ್ತದೆ. ಬ್ಯಾಂಕಿಗೆ ಬರುವುದು 40,000. ಕಂಪನಿ ಹೇಳಿದ ಪ್ಯಾಕೇಜಿನಲ್ಲಾದರೋ ಕಂಪನಿಯ ಪಾಲಿನ ಪಿಎಫ್ 2,400 ಮತ್ತು ಗ್ರಾಚ್ಯುಟಿಯ ಲೆಕ್ಕ ಸುಮಾರು 960 ಕೂಡ ಸೇರಿರುತ್ತದೆ. ಅದನ್ನು ಹಿಡಿದರೆ ತಿಂಗಳಿಗೆ ಸುಮಾರು 46,000. ಹೀಗೆ ಕೈಗೆ ಬಾರದ 6,000 ರೂಪಾಯಿಯನ್ನೂ ಸೇರಿಸಿ ಬಾಡಿಗೆ ಮನೆ ಹುಡುಕಿದರೆ ಮೊದಲ ದಿನದಿಂದಲೇ ಕೊರತೆ.

ನಾವು ಹಂಚುವುದು 40,000. ಪಿಎಫ್‌ಗೆ ಹೋಗುವ ಹಣ ಉಳಿತಾಯವೇ ಹೌದು, ಆದರೆ ಮುಂದೆ ಹೇಳುವ ಉಳಿತಾಯದ ಪಾಲಿನಲ್ಲಿ ಅದನ್ನು ಎಣಿಸಬೇಡಿ. ಮಗುವಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಯ ಕೌಂಟರಿನಲ್ಲಿ ಪಿಎಫ್ ಕೈಗೆ ಸಿಗುವುದಿಲ್ಲ.

ದೀಪಾವಳಿ ಬೋನಸ್, ಓವರ್‌ಟೈಮ್, ಹಳೆಯ ಬಾಕಿ ಕೂಡ ಈ ಮೊತ್ತಕ್ಕೆ ಸೇರುವುದಿಲ್ಲ. ಗೃಹಲಕ್ಷ್ಮಿಯ 2,000 ಬರುವ ಮನೆಗಳಲ್ಲೂ ಅದನ್ನು ಹೊರಗಿಡುವುದೇ ಕ್ಷೇಮ. ಕಂತು ತಡವಾದ ತಿಂಗಳು ಬಾಡಿಗೆಗೆ ಕೊರತೆ ಬೀಳಬಾರದು. ಪ್ರತಿ ತಿಂಗಳೂ ತಪ್ಪದೆ, ಒಂದೇ ಮೊತ್ತದಲ್ಲಿ ಬರುವುದಷ್ಟೇ ಮೂಲ ಆದಾಯ.

ಮನೆಯ ನಿಜವಾದ ಖರ್ಚು

ಕರಾರಿನಲ್ಲಿರುವ ಬಾಡಿಗೆ 12,000. ನೀರು ಮತ್ತು ಮೇಂಟೆನೆನ್ಸ್ 500. ವಿದ್ಯುತ್ ಸರಾಸರಿ 300. ಗೃಹಜ್ಯೋತಿ ಇರುವ ಮನೆಗೆ ಸೊನ್ನೆ ಬಿಲ್ ಬರಬಹುದು, ಆದರೆ ಬೇಸಿಗೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇಲ್ಲಿಗೆ 12,800.

ಇನ್ನೊಂದು ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಚಾರ್ಜ್ ಎಂದು ಹಿಡಿದುಕೊಳ್ಳುವುದು ರೂಢಿ. ಎರಡು ವರ್ಷ ಇದ್ದು ಬಿಟ್ಟರೆ 12,000ವನ್ನು 24ರಿಂದ ಭಾಗಿಸಿ, ತಿಂಗಳಿಗೆ 500 ರೂಪಾಯಿ. ಅದನ್ನೂ ಬಾಡಿಗೆಯ ಭಾಗವೆಂದೇ ಪ್ರತಿ ತಿಂಗಳು ಎತ್ತಿಡಬೇಕು. ಆಗ ಮನೆಯ ಖರ್ಚು 13,300, ಅಂದರೆ ಆದಾಯದ 33%.

ಈ ಒಟ್ಟು ಮೊತ್ತ, ಬರೀ ಬಾಡಿಗೆಯಲ್ಲ, ಮೂರನೇ ಒಂದು ಭಾಗ ದಾಟದಿದ್ದರೆ ಸಾಕು. ಹೊಸ ಮನೆ ನೋಡುವಾಗ ಇದನ್ನೇ ಹಿಂದಿನಿಂದ ಲೆಕ್ಕ ಹಾಕಿ: 40,000ದ ಮೂರನೇ ಒಂದು ಭಾಗ ಸುಮಾರು 13,300, ಅದರಲ್ಲಿ ನೀರು, ವಿದ್ಯುತ್, ಪೇಂಟಿಂಗ್ ಸೇರಿ 1,300 ಕಳೆದರೆ 12,000. ಬ್ರೋಕರ್ ಹತ್ತಿರ ಹೇಳಬೇಕಾದ ಮೇಲ್ಮಿತಿ ಅದು. ಸಾಮಾನ್ಯವಾಗಿ ಕರಾರು 11 ತಿಂಗಳದ್ದು, ಆಮೇಲೆ 5% ಏರಿಕೆ ಎಂದು ಬರೆದಿರುತ್ತಾರೆ. ಅಂದರೆ ಮುಂದಿನ ವರ್ಷ 600 ರೂಪಾಯಿ ಹೆಚ್ಚು. ಮೇಲ್ಮಿತಿಯ ಅಂಚಿನಲ್ಲೇ ಮನೆ ಹಿಡಿದರೆ ಹನ್ನೆರಡನೇ ತಿಂಗಳಿಗೆ ಅದು ದಾಟಿಹೋಗುತ್ತದೆ. ಸಾಧ್ಯವಾದರೆ ಮೇಲ್ಮಿತಿಗಿಂತ 1,000 ಕಡಿಮೆಯ ಮನೆಗಳನ್ನೇ ಮೊದಲು ನೋಡಿ.

ಊಟದ ಖರ್ಚು: ತಲೆ ಎಣಿಸಿ, ಶೇಕಡಾ ಆಮೇಲೆ

ಹಿಂದಿನ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಅಡುಗೆಮನೆಗೆ ಸಂಬಂಧಿಸಿದ ಪ್ರತಿ ಯುಪಿಐ ಪಾವತಿಗೂ ಗುರುತು ಹಾಕಿ. ಒಂದು ತಿಂಗಳು ಸಾಲದು. ಹಬ್ಬ ಬಂದ ತಿಂಗಳು, ನೆಂಟರು ಬಂದ ತಿಂಗಳು, ಊರಿಗೆ ಹೋಗಿದ್ದ ತಿಂಗಳು ಮೂರೂ ಬೇರೆ ಬೇರೆ ಚಿತ್ರ ಕೊಡುತ್ತವೆ. ಈ ಮನೆಯ ಸರಾಸರಿ ಹೀಗಿದೆ: ದಿನಸಿ 4,200, ದಿನಕ್ಕೆ ಒಂದು ಲೀಟರಿನಂತೆ ಹಾಲು 1,400, ಸಿಲಿಂಡರ್ ಪಾಲು 600, ತರಕಾರಿ ಹಣ್ಣು 2,600, ಮೊಟ್ಟೆ ಮಾಂಸ 1,200, ಹೊರಗಿನ ತಿಂಡಿ 1,000. ಒಟ್ಟು 11,000, ಅಂದರೆ 27.5%.

ಇದು ಹೆಚ್ಚೋ ಕಡಿಮೆಯೋ? ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ನೋಡಿ ಒಂದು ಮಾತು ಹೇಳಿದ್ದ: ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟದ ಪಾಲು ಹೆಚ್ಚು. ಇಂದಿಗೂ ಅದು ನಿಜ. ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಮನೆಗಳ ಖರ್ಚಿನಲ್ಲಿ ಸುಮಾರು 40%, ಹಳ್ಳಿಯ ಮನೆಗಳಲ್ಲಿ ಸುಮಾರು 47% ಆಹಾರಕ್ಕೆ ಹೋಗುತ್ತದೆ. ಇದು ಖರ್ಚಿನ ಪಾಲು, ಆದಾಯದ ಪಾಲಲ್ಲ ಎಂಬುದನ್ನು ಗಮನಿಸಿ, ನಿಮ್ಮ 27.5ನ್ನು ಆ 40ರ ಪಕ್ಕ ಇಟ್ಟು ಸಮಾಧಾನ ಪಡುವಂತಿಲ್ಲ. ಆದರೆ ಬೇರೆಯವರ ಮನೆಯ ಶೇಕಡಾ ನಿಮಗೆ ಏಕೆ ಒಗ್ಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. 20,000 ದುಡಿಯುವ ಮೂವರ ಮನೆಯಲ್ಲಿ ಊಟ 40% ತಲುಪುವುದು ಸಹಜ, ಲಕ್ಷ ದುಡಿಯುವ ಮೂವರ ಮನೆಯಲ್ಲಿ 15% ಕೂಡ ಧಾರಾಳ.

ಅಮೆರಿಕದಲ್ಲಿ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರಲ್ಲಿ ಜನಪ್ರಿಯಗೊಳಿಸಿದ 50-30-20 ಸೂತ್ರ ಇಲ್ಲಿ ಎಡವುವುದೂ ಇದೇ ಕಾರಣಕ್ಕೆ. ಅಗತ್ಯಗಳಿಗೆ 50, ಆಸೆಗಳಿಗೆ 30, ಉಳಿತಾಯಕ್ಕೆ 20 ಎನ್ನುತ್ತದೆ ಅದು. ನಮ್ಮ ಉದಾಹರಣೆಯ ಮನೆಯಲ್ಲಿ ಸೂರು ಮತ್ತು ಊಟವೇ 60% ದಾಟಿದೆ. ಶಾಲೆ ಫೀಸು, ಪೆಟ್ರೋಲು ಇನ್ನೂ ಬಂದೇ ಇಲ್ಲ.

ಸೋಪು, ಶಾಂಪೂ, ಬಟ್ಟೆ ಪೌಡರ್ ದಿನಸಿ ಬಿಲ್ಲಿನಲ್ಲೇ ಬರುತ್ತವೆ. ಅವುಗಳನ್ನು ಊಟಕ್ಕೆ ಸೇರಿಸುತ್ತೀರೋ ಬೇರೆ ಇಡುತ್ತೀರೋ ಎಂಬುದು ಮುಖ್ಯವಲ್ಲ, ಪ್ರತಿ ತಿಂಗಳೂ ಒಂದೇ ರೀತಿ ಮಾಡುವುದು ಮುಖ್ಯ. ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಬರೆದರೆ ಊಟದ ಖರ್ಚು ಏರಿತೋ ಇಳಿಯಿತೋ ಎಂದು ಹೇಳಲು ಬರುವುದಿಲ್ಲ.

ಉಳಿತಾಯ ಮೊದಲು, ಮಿಕ್ಕಿದ್ದು ಕೊನೆಗೆ

ಬಾಡಿಗೆ, ಊಟದ ಆಚೆ ಇನ್ನೊಂದು ಗುಂಪು ಇದ್ದೇ ಇರುತ್ತದೆ. ಈ ಮನೆಯಲ್ಲಿ ಶಾಲೆ ಫೀಸು ವರ್ಷಕ್ಕೆ 30,000, ತಿಂಗಳ ಪಾಲು 2,500. ಊರಲ್ಲಿರುವ ಅಪ್ಪ ಅಮ್ಮನಿಗೆ 2,000, ಪೆಟ್ರೋಲ್ 1,800, ಬಟ್ಟೆ ಹಬ್ಬ 1,200, ಫೋನು ಇಂಟರ್ನೆಟ್ 1,000, ಔಷಧಿ 700, ಚಿಲ್ಲರೆ 500. ಒಟ್ಟು 9,700. ಉಳಿತಾಯಕ್ಕೆ ಮಿಗುವುದು 6,000, ಸರಿಯಾಗಿ 15%.

ಸ್ಪ್ರೆಡ್‌ಶೀಟಿನಲ್ಲಿ ಈ ಲೆಕ್ಕಕ್ಕೆ ಏಳು ಸಾಲು ಸಾಕು:

```
B1  40000
B2  =ROUND(B1*15%,-2)
B3  13300
B4  11000
B5  =B1-B2-B3-B4
B6  =B3/B1
B7  =B4/B1
```

B1 ಆದಾಯ, B2 ಉಳಿತಾಯ, B3 ಮನೆ, B4 ಊಟ, B5 ಇತರ ಖರ್ಚು. ಶೇಕಡಾದಿಂದ ಹುಟ್ಟುವ ಮೊತ್ತ B2 ಒಂದೇ. ಅದು ನೂರರ ಹತ್ತಿರದ ಅಂಕಿಗೆ ಬರುತ್ತದೆ. ಮನೆ ಮತ್ತು ಊಟವನ್ನು ಕೈಯಾರೆ ಬರೆಯುತ್ತೀರಿ, ಅವುಗಳ ಪಾಲನ್ನು ಕೊನೆಯ ಎರಡು ಸಾಲು ತೋರಿಸುತ್ತವೆ. ಆ ಎರಡು ಸಾಲಿಗೆ ಶೇಕಡಾ ರೂಪ ಕೊಡಿ. ಆದಾಯ ಬದಲಾದಾಗ B1 ಮಾತ್ರ ತಿದ್ದಿ B5 ನೋಡಿ. ಅದು ನಿಮ್ಮ 9,700ಕ್ಕಿಂತ ಕೆಳಗೆ ಹೋದರೆ ಎಲ್ಲೋ ಕಡಿತ ಬೇಕು. ಎಲ್ಲಿ ಎಂಬುದನ್ನು ಮುಂದೆ ನೋಡೋಣ.

ಈ 6,000 ಮೊದಲು ಸೇರಬೇಕಾದದ್ದು ತುರ್ತು ನಿಧಿಗೆ. ಗುರಿ: ಮೂರು ತಿಂಗಳ ಮನೆ ಮತ್ತು ಊಟದ ಖರ್ಚು. 13,300 ಮತ್ತು 11,000 ಸೇರಿ 24,300. ಮೂರು ತಿಂಗಳಿಗೆ 72,900. ತಿಂಗಳಿಗೆ 6,000ದಂತೆ ಒಂದು ವರ್ಷದ ಕೆಲಸ. ಈ ಹಣ ಸಂಬಳದ ಖಾತೆಯಲ್ಲಿರಬಾರದು, ಚೀಟಿಯಲ್ಲೂ ಇರಬಾರದು. ಚೀಟಿ ಎತ್ತುವ ಸರದಿ ಮತ್ತು ಮನೆಯ ಕಷ್ಟ ಒಂದೇ ತಿಂಗಳು ಬರುತ್ತವೆ ಎಂದು ಯಾರೂ ಹೇಳಲಾರರು. ಬೇರೆ ಬ್ಯಾಂಕಿನ ಉಳಿತಾಯ ಖಾತೆ, ಅಥವಾ ಬೇಕಾದಾಗ ಮುರಿಯಬಹುದಾದ ಸಣ್ಣ ಸಣ್ಣ ಎಫ್‌ಡಿಗಳು ಸರಿ. 70,000ದ ಒಂದೇ ಎಫ್‌ಡಿ ಮಾಡಿದರೆ 8,000 ಬೇಕಾದಾಗಲೂ ಪೂರ್ತಿ ಮುರಿಯಬೇಕಾಗಬಹುದು, 10,000ದ ಏಳು ಮಾಡಿದರೆ ಒಂದನ್ನು ಮುರಿದರೆ ಸಾಕು.

ಸಂಬಳ ಬಂದ ದಿನ ಏನೇನು ಮಾಡಬೇಕು

ಸಂಬಳ 1ಕ್ಕೆ ಬರುವುದಾದರೆ ಉಳಿತಾಯದ ಸ್ವಯಂಚಾಲಿತ ವರ್ಗಾವಣೆಯನ್ನು 3ಕ್ಕೆ ಇಡಿ, 1ಕ್ಕೆ ಬೇಡ. ರಜೆ ಬಂದು ಸಂಬಳ ಒಂದು ದಿನ ತಡವಾದರೆ ವರ್ಗಾವಣೆ ವಿಫಲವಾಗುತ್ತದೆ. ಸಾಲದ ಕಂತಾಗಿದ್ದರೆ ಬ್ಯಾಂಕ್ ದಂಡವನ್ನೂ ಹಾಕುತ್ತದೆ. ಬಾಡಿಗೆ 5ರೊಳಗೆ ಹೋಗಲಿ. ಶಾಲೆ ಫೀಸಿನ 2,500 ಮತ್ತು ಪೇಂಟಿಂಗಿನ 500 ಅದೇ ದಿನ ಉಳಿತಾಯದ ಬ್ಯಾಂಕಿಗೆ ಹೋಗಲಿ, ಆದರೆ ಬೇರೆ ಹೆಸರಿನಲ್ಲಿ ಬರೆದಿಡಿ. ಅವು ಖರ್ಚಾಗಲೆಂದೇ ಇಟ್ಟ ಹಣ, ತುರ್ತು ನಿಧಿಯಲ್ಲ.

ಊಟದ 11,000ದಲ್ಲಿ ದಿನಸಿ, ಹಾಲು, ಸಿಲಿಂಡರ್ ಸೇರಿ 6,200 ತಿಂಗಳಿಗೆ ಇಷ್ಟೇ ಎಂದು ಮೊದಲೇ ಗೊತ್ತಿರುವ ಖರ್ಚು. ಅದನ್ನು ತಿಂಗಳ ಆರಂಭದಲ್ಲೇ ಎತ್ತಿಡಿ. ಉಳಿದ 4,800 ತರಕಾರಿ, ಮೊಟ್ಟೆ ಮಾಂಸ, ಹೊರಗಿನ ತಿಂಡಿಗೆ. ಇದನ್ನು ವಾರಕ್ಕೆ ಹಂಚುವಾಗ ಎಲ್ಲರೂ ನಾಲ್ಕರಿಂದ ಭಾಗಿಸುತ್ತಾರೆ, 1,200 ಬರುತ್ತದೆ. ಆದರೆ ನಾಲ್ಕು ವಾರಕ್ಕೆ 28 ದಿನ. 29, 30, 31ಕ್ಕೆ ಏನೂ ಉಳಿದಿರುವುದಿಲ್ಲ, ಆ ಮೂರು ದಿನ ಸಾಗುವುದು ಉಳಿತಾಯದಿಂದ ಅಥವಾ ಅಂಗಡಿಯ ಸಾಲದಿಂದ. ವಾರಕ್ಕೆ 1,100 ಎಂದಿಡಿ. ನಾಲ್ಕು ವಾರಕ್ಕೆ 4,400, ಕೊನೆಯ ದಿನಗಳಿಗೆ 400.

ಕ್ರೆಡಿಟ್ ಕಾರ್ಡ್ ಬಳಸುವವರು ಖರ್ಚನ್ನು ಬಿಲ್ ಕಟ್ಟಿದ ದಿನವಲ್ಲ, ಕಾರ್ಡ್ ಉಜ್ಜಿದ ದಿನವೇ ಬರೆಯಬೇಕು. ಇಲ್ಲದಿದ್ದರೆ ಈ ತಿಂಗಳ ತರಕಾರಿ ಮುಂದಿನ ತಿಂಗಳ ಸಂಬಳವನ್ನು ತಿನ್ನುತ್ತದೆ, ಶೇಕಡಾಗಳು ಮಾತ್ರ ಚೆಂದ ಕಾಣುತ್ತಿರುತ್ತವೆ.

ಸಂಬಳ ಏರಿದಾಗ: ಒಟ್ಟನ್ನಲ್ಲ, ಹೆಚ್ಚಳವನ್ನು ಹಂಚಿ

ಕೈಗೆ ಬರುವ ಸಂಬಳ 40,000ದಿಂದ 46,000 ಆಯಿತು ಎನ್ನಿ. ಹಳೆಯ ಶೇಕಡಾಗಳನ್ನೇ ಹೊಸ ಮೊತ್ತಕ್ಕೆ ಹಚ್ಚಿದರೆ ಮನೆಗೆ 15,300, ಊಟಕ್ಕೆ 12,650. ಅಂದರೆ ಮನೆಗೆ 2,000 ಹೆಚ್ಚು ಕೊಡಬಹುದು ಎಂದು ಲೆಕ್ಕವೇ ಹೇಳಿದಂತಾಯಿತು! ಇರುವ ಮನೆ ಸಾಲುತ್ತಿದೆ ಎಂದಾದರೆ ಆ ಖರ್ಚಿಗೆ ಯಾವ ಕಾರಣವೂ ಇಲ್ಲ.

ಬದಲಿಗೆ ಹೆಚ್ಚಳದ 6,000ವನ್ನು ಮಾತ್ರ ಮೇಜಿನ ಮೇಲಿಡಿ. ಅದರಲ್ಲಿ ಅರ್ಧ, 3,000, ಉಳಿತಾಯಕ್ಕೆ. ಮಿಕ್ಕ 3,000ದಲ್ಲಿ ಕರಾರಿನಂತೆ ಏರುವ ಬಾಡಿಗೆಗೆ 600, ಊಟಕ್ಕೆ 1,000, ಇತರ ಖರ್ಚಿಗೆ 1,400. ಹೊಸ ಚಿತ್ರ: ಮನೆ 13,900, ಊಟ 12,000, ಉಳಿತಾಯ 9,000, ಇತರೆ 11,100. ಮನೆಯ ಪಾಲು 33ರಿಂದ 30ಕ್ಕೆ ಇಳಿಯಿತು, ಉಳಿತಾಯ 15ರಿಂದ ಸುಮಾರು 20% ಆಯಿತು. ಮನೆಯಲ್ಲಿ ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ. ಊಟಕ್ಕೆ ಹಣ ಹೆಚ್ಚೇ ಆಗಿದೆ. ಸ್ಪ್ರೆಡ್‌ಶೀಟಿನ B2ರಲ್ಲಿ ಈಗ 15%ನ ಜಾಗದಲ್ಲಿ 19.5% ಎಂದು ಬರೆಯಿರಿ.

ಎರಡು ಎಚ್ಚರಿಕೆ. ಮೊದಲನೆಯದು, ಹೊಸ ಸಂಬಳ ಖಾತೆಗೆ ಬಿದ್ದ ಮೇಲೆಯೇ ಹಂಚಿ, ಇನ್‌ಕ್ರಿಮೆಂಟ್ ಪತ್ರ ನೋಡಿ ಅಲ್ಲ. ಮೂಲ ವೇತನ ಏರಿದರೆ ಪಿಎಫ್ ಕಡಿತವೂ ಏರುವುದರಿಂದ ಪತ್ರದಲ್ಲಿರುವ ಹೆಚ್ಚಳ ಪೂರ್ತಿ ಕೈಗೆ ಬರುವುದಿಲ್ಲ. ಎರಡನೆಯದು, ಸಣ್ಣ ಹೆಚ್ಚಳವನ್ನು ಅರ್ಧ ಮಾಡಲು ಹೋಗಬೇಡಿ. 5% ಏರಿಕೆ ಅಂದರೆ 2,000. ಬಾಡಿಗೆ 600 ಏರುತ್ತದೆ. ದಿನಸಿ ತರಕಾರಿ ಬೆಲೆ 5% ಏರಿದ್ದರೆ ಊಟಕ್ಕೆ 550. ಶಾಲೆ ಫೀಸು, ಪೆಟ್ರೋಲು ಸೇರಿ ಇನ್ನೊಂದು 500. ಉಳಿಯುವುದು 350. ಇಂಥ ವರ್ಷ ಉಳಿತಾಯದ ಪಾಲನ್ನು 15%ನಲ್ಲೇ ಬಿಟ್ಟರೆ ಸಾಕು. ಹೊಸ 42,000ಕ್ಕೆ ಅದು 6,300, ಆ 350ರಲ್ಲೇ ಬಂದುಬಿಡುತ್ತದೆ.

ಬೋನಸ್‌ಗೆ ಈ ಲೆಕ್ಕ ಬೇಡ. ಬಂದ ದಿನ ಮೊದಲು ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಶಾಲೆಯ ಕಂತುಗಳಲ್ಲಿ ಕೊರತೆ ಇದ್ದರೆ ತುಂಬಿ, ಮಿಕ್ಕಿದ್ದರಲ್ಲಿ ಅರ್ಧ ತುರ್ತು ನಿಧಿಗೆ, ಅರ್ಧ ಮನೆಯವರ ಇಷ್ಟಕ್ಕೆ.

ಆದಾಯ ಇಳಿದಾಗ: ಕಡಿತಕ್ಕೊಂದು ಕ್ರಮ ಇರಲಿ

40,000 ಇದ್ದದ್ದು 30,000 ಆಯಿತು. ಎಲ್ಲವನ್ನೂ ಕಾಲು ಭಾಗ ಕತ್ತರಿಸೋಣ ಎಂದರೆ ಮನೆಗೆ 9,975 ಎಂದಾಗುತ್ತದೆ. ಮಾಲೀಕರು ಅದನ್ನು ಒಪ್ಪುವುದಿಲ್ಲ. ಊಟಕ್ಕೆ 8,250 ಎಂದಾಗುತ್ತದೆ, ಅದು ಮಗುವಿನ ಹಾಲು ಮೊಟ್ಟೆಗೆ ಕೈ ಹಾಕುತ್ತದೆ. ಹಾಗಾಗಿ ಸಮನಾಗಿ ಕತ್ತರಿಸಬೇಡಿ, ಕ್ರಮವಾಗಿ ಕತ್ತರಿಸಿ.

ಮೊದಲು ಉಳಿತಾಯ. ಇದು ಕೇಳಲು ಹಿತವಲ್ಲ, ಆದರೆ ಉಳಿತಾಯ ಮಾಡಿದ್ದೇ ಇಂಥ ತಿಂಗಳಿಗೆ. 6,000ವನ್ನು 1,000ಕ್ಕೆ ಇಳಿಸಿ, ಸೊನ್ನೆ ಮಾಡಬೇಡಿ. ವರ್ಗಾವಣೆಯ ವ್ಯವಸ್ಥೆ ಚಾಲ್ತಿಯಲ್ಲಿದ್ದರೆ ಮತ್ತೆ ಏರಿಸುವುದು ಸುಲಭ. ಆರ್‌ಡಿ ಇದ್ದರೆ ಅದರ ಕಂತನ್ನು ನಡುವೆ ಇಳಿಸಲು ಸಾಮಾನ್ಯವಾಗಿ ಆಗುವುದಿಲ್ಲ, ತಪ್ಪಿಸಿದರೆ ದಂಡ. ಈ ಕಾರಣಕ್ಕೇ 6,000ದ ಒಂದು ಆರ್‌ಡಿಗಿಂತ 1,000, 2,000, 3,000ದ ಮೂರು ಒಳ್ಳೆಯದು. ದೊಡ್ಡದನ್ನು ಮುಚ್ಚಿ ಸಣ್ಣದನ್ನು ಉಳಿಸಿಕೊಳ್ಳಬಹುದು.

ಆಮೇಲೆ ಇತರ ಖರ್ಚು. ಬಟ್ಟೆ ಹಬ್ಬದ 1,200 ನಿಲ್ಲಿಸಿ. ಊರಿಗೆ ಕಳಿಸುವ 2,000ವನ್ನು 1,000 ಮಾಡಿ, ಕಾರಣವನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ಪೆಟ್ರೋಲಿನಲ್ಲಿ 400, ಫೋನಿನಲ್ಲಿ 300, ಚಿಲ್ಲರೆಯಲ್ಲಿ 200 ಉಳಿಸಿ. ಶಾಲೆ ಮತ್ತು ಔಷಧಿ ಮುಟ್ಟಬೇಡಿ. 9,700 ಇದ್ದದ್ದು 6,600 ಆಯಿತು. ಮೂರನೆಯದು ಊಟ: ಹೊರಗಿನ ತಿಂಡಿ 1,000 ಪೂರ್ತಿ, ಮಾಂಸದಲ್ಲಿ 400, ಒಟ್ಟು 9,600ಕ್ಕೆ ಇಳಿಯಿತು. ಮನೆಯ ಖರ್ಚಿನಲ್ಲಿ ಪೇಂಟಿಂಗಿಗೆ ಎತ್ತಿಡುವ 500 ಮಾತ್ರ ನಿಲ್ಲಿಸಿ, 12,800. ಕೂಡಿಸಿದರೆ 29,000, ಉಳಿತಾಯದ 1,000 ಸೇರಿ 30,000ಕ್ಕೆ ಸರಿಹೋಯಿತು.

ಈಗ ಮನೆಯ ಪಾಲು 43% ಮುಟ್ಟಿದೆ. ಅಳತೆಗೋಲು ಕೆಂಪಾಗಿದೆ, ಆದರೆ ತಕ್ಷಣ ಮನೆ ಬದಲಿಸಬೇಕೆಂದಲ್ಲ. 9,000ದ ಮನೆಗೆ ಹೋದರೆ ತಿಂಗಳಿಗೆ 3,000 ಉಳಿಯುತ್ತದೆ. ಹೋಗಲು ತಗಲುವ ಖರ್ಚು ನೋಡಿ: ಪೇಂಟಿಂಗ್ 12,000, ಬ್ರೋಕರ್ ಕಮಿಷನ್ ಒಂದು ತಿಂಗಳ ಬಾಡಿಗೆ 9,000, ಸಾಮಾನು ಸಾಗಿಸುವ ಗಾಡಿ ಮತ್ತು ಆಳು ಸುಮಾರು 5,000. ಒಟ್ಟು 26,000, ವಾಪಸ್ ಬರಲು ಸುಮಾರು ಒಂಬತ್ತು ತಿಂಗಳು ಬೇಕು. ಆದಾಯ ಮೂರು ನಾಲ್ಕು ತಿಂಗಳಲ್ಲಿ ಮೇಲೇಳುವ ಖಚಿತ ಕಾರಣ ಇದ್ದರೆ ಮನೆ ಬದಲಿಸುವುದು ನಷ್ಟ. ಒಂದು ವರ್ಷದವರೆಗೂ ಹೀಗೇ ಇರುವಂತೆ ಕಂಡರೆ ಬದಲಿಸುವುದೇ ಸರಿ, ಬೇಗ ಬದಲಿಸಿದಷ್ಟೂ ಒಳ್ಳೆಯದು.

ಬದಲಿಸುವವರು ಅಡ್ವಾನ್ಸ್‌ನ ಸಮಯದ ಲೆಕ್ಕ ತಪ್ಪಬಾರದು. ಐದು ತಿಂಗಳ ಅಡ್ವಾನ್ಸ್ ಎಂದರೆ ಹಳೆಯ ಮನೆಯಲ್ಲಿ 60,000 ಇದೆ, ಪೇಂಟಿಂಗ್ ಕಳೆದು 48,000 ಬರುತ್ತದೆ. ಹೊಸ ಮನೆಗೆ 45,000 ಬೇಕು. ಕಾಗದದ ಮೇಲೆ ಸರಿಹೋಯಿತು. ಆದರೆ ಹೊಸ ಮನೆಯವರು ಕೀ ಕೊಡುವ ಮೊದಲೇ ಕೇಳುತ್ತಾರೆ, ಹಳೆಯವರು ಕೀ ವಾಪಸ್ ಪಡೆದ ಮೇಲೆ ಕೊಡುತ್ತಾರೆ. ನಡುವಿನ ದಿನಗಳಿಗೆ 45,000 ಕೈಯಲ್ಲಿರಬೇಕು. ಇತರ ಖರ್ಚಿಗೆ ತುರ್ತು ನಿಧಿಯನ್ನು ಪೂರ್ತಿ ಬಳಸಿದ ಮೇಲೆ ಮನೆ ಬದಲಿಸೋಣ ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಕರಾರಿನಲ್ಲಿ ಒಂದೋ ಎರಡೋ ತಿಂಗಳ ನೋಟಿಸ್ ಎಂದಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರತಿ ತಿಂಗಳೂ ಬೇರೆ ಬೇರೆ ಆದಾಯ ಬರುವವರಿಗೆ

ಆಟೋ ಓಡಿಸುವವರು, ಟೈಲರ್, ಎಲೆಕ್ಟ್ರಿಷಿಯನ್, ಕಮಿಷನ್ ಮೇಲೆ ದುಡಿಯುವವರಿಗೆ ಶೇಕಡಾ ಹಾಕಲು ಒಂದು ಸ್ಥಿರ ಮೊತ್ತವೇ ಇರುವುದಿಲ್ಲ. ಅದನ್ನು ಅವರೇ ಮಾಡಿಕೊಳ್ಳಬೇಕು.

ದುಡಿಮೆಯ ಖರ್ಚು (ಗ್ಯಾಸು, ಗಾಡಿಯ ಕಂತು, ರಿಪೇರಿ, ಸಾಮಗ್ರಿ) ಮೊದಲು ಕಳೆದು, ಆರು ತಿಂಗಳ ನಿವ್ವಳ ಆದಾಯ ಬರೆಯಿರಿ. ಉದಾಹರಣೆಗೆ 38,000, 29,000, 44,000, 26,000, 35,000, 32,000. ಸರಾಸರಿ 34,000. ಇದನ್ನು ಹಿಡಿದರೆ ಆರರಲ್ಲಿ ಮೂರು ತಿಂಗಳು ಕೊರತೆ. ಬದಲಿಗೆ ಅತಿ ಕಡಿಮೆಯ ಮೂರು ತಿಂಗಳ, ಅಂದರೆ 26, 29, 32 ಸಾವಿರದ, ಸರಾಸರಿ ತೆಗೆಯಿರಿ: 29,000. ಬಾಡಿಗೆಯ ಮೇಲ್ಮಿತಿ, ಊಟ, ಉಳಿತಾಯ ಎಲ್ಲವೂ ಈ 29,000ದ ಮೇಲೆ ನಿಲ್ಲಬೇಕು.

ದುಡಿದದ್ದೆಲ್ಲ ಒಂದು ಖಾತೆಗೆ ಹೋಗಲಿ. ಪ್ರತಿ 1ಕ್ಕೆ ಅಲ್ಲಿಂದ ಮನೆಯ ಖಾತೆಗೆ 29,000 ಮಾತ್ರ ಬರಲಿ, ನಿಮಗೆ ನೀವೇ ಸಂಬಳ ಕೊಟ್ಟಂತೆ. ಮೇಲಿನ ಆರು ತಿಂಗಳಲ್ಲಿ ದುಡಿಮೆಯ ಖಾತೆಯಲ್ಲಿ ಉಳಿಯುವ ಹಣ ಹೀಗೆ ಬೆಳೆಯುತ್ತದೆ: 9,000, ಎರಡನೇ ತಿಂಗಳೂ 9,000, ಆಮೇಲೆ 24,000, ನಾಲ್ಕನೇ ತಿಂಗಳು ಕೊರತೆ ತುಂಬಿ 21,000, ನಂತರ 27,000, ಕೊನೆಗೆ 30,000. ಒಂದು ತಿಂಗಳ ಸಂಬಳದಷ್ಟು, ಅಂದರೆ 29,000, ಅಲ್ಲಿ ಸೇರುವವರೆಗೆ ಅದನ್ನು ಮುಟ್ಟಬೇಡಿ. ಅದನ್ನು ದಾಟಿದ ಹಣದಲ್ಲಿ ಅರ್ಧ ಉಳಿತಾಯಕ್ಕೆ ಹೋಗಲಿ. ಈ ಲೆಕ್ಕ ಶುರುಮಾಡಲು ಒಳ್ಳೆಯ ದುಡಿಮೆಯ ತಿಂಗಳನ್ನೇ ಆರಿಸಿಕೊಳ್ಳಿ. ನಾಲ್ಕನೇ ತಿಂಗಳಿನಂಥದರಲ್ಲಿ ಶುರುಮಾಡಿದರೆ ಮೊದಲ ದಿನವೇ 3,000 ಕಡಿಮೆ ಬಿದ್ದು ಉತ್ಸಾಹ ಇಳಿದುಹೋಗುತ್ತದೆ. ಆರು ತಿಂಗಳಿಗೊಮ್ಮೆ 29,000ವನ್ನು ಮತ್ತೆ ಲೆಕ್ಕ ಹಾಕಿ, ನಡುವೆ ಬೇಡ.

ಪಾಲು ತಪ್ಪಿದೆ ಎಂದು ಗೊತ್ತಾಗುವುದು ಹೇಗೆ

ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ನೋಡಿದರೆ ಸಾಕು. ವಾರದ 1,100 ಸತತ ಮೂರು ತಿಂಗಳು ಐದನೇ ದಿನಕ್ಕೇ ಮುಗಿಯುತ್ತಿದ್ದರೆ ಊಟದ ಮೊತ್ತವೇ ಕಡಿಮೆಯಾಗಿದೆ. ಅದನ್ನು ಏರಿಸಿ ಇತರೆಯಲ್ಲಿ ಇಳಿಸಿ. ಒಂದು ತಿಂಗಳು ಮಾತ್ರ ಹಾಗಾಗಿದ್ದರೆ ಬಿಟ್ಟುಬಿಡಿ, ಟೊಮ್ಯಾಟೊ ಬೆಲೆ ಏರಿದ ತಿಂಗಳು ಎಲ್ಲರ ಮನೆಯಲ್ಲೂ ಹಾಗೇ. ಉಳಿತಾಯಕ್ಕೆ ಹಾಕಿದ್ದನ್ನು ಮೂರು ತಿಂಗಳಲ್ಲಿ ಎರಡು ಸಲ ವಾಪಸ್ ತೆಗೆದಿದ್ದರೆ 15% ನಿಮ್ಮ ಮನೆಗೆ ಹೆಚ್ಚು. 12ಕ್ಕೆ ಇಳಿಸಿ, 6,000 ಹಾಕಿ 2,000 ತೆಗೆಯುವುದಕ್ಕಿಂತ 4,800 ಹಾಕಿ ಮುಟ್ಟದಿದ್ದರೆ ಹೆಚ್ಚು ಉಳಿಯುತ್ತದೆ. ಮನೆಯ ಪಾಲು 35% ದಾಟಿದ್ದರೆ ಕರಾರು ಯಾವ ತಿಂಗಳು ಮುಗಿಯುತ್ತದೆ ಎಂದು ನೋಡಿ, ಅದಕ್ಕೆ ಮೂರು ತಿಂಗಳ ಮೊದಲೇ ಬೇರೆ ಮನೆ ಹುಡುಕಲು ಶುರುಮಾಡಿ. ಖಾಲಿ ಮಾಡುವ ದಿನ ಹತ್ತಿರವಾದಷ್ಟೂ ಚೌಕಾಸಿಗೆ ಜಾಗ ಕಡಿಮೆ, ಕೊನೆಗೆ ಸಿಕ್ಕಿದ ಮನೆಗೆ ಕೇಳಿದಷ್ಟು ಕೊಡಬೇಕಾಗುತ್ತದೆ.